ಬೋರ್ಡಿನಲ್ಲಿ 22.60, ಚೀಟಿಯಲ್ಲಿ 22.05: ದೂರು ಪತ್ರ ಬರೆದ ಬಗೆ

ಕಾರವಾರದ ಒಂದು ಕರೆನ್ಸಿ ಕೌಂಟರಿನಲ್ಲಿ 1,500 ದಿರ್ಹಮ್ ಕೊಟ್ಟೆ. ಬೋರ್ಡಿನ ‘ವಿ ಬೈ’ ಸಾಲಿನಲ್ಲಿ 22.60 ಇತ್ತು, ಚೀಟಿಯಲ್ಲಿ 22.05 ಹಾಕಿದ್ದರು. ನೋಟು ಕೊಡುವವರಿಗೆ ಅನ್ವಯಿಸುವುದು ‘ವಿ ಬೈ’. ಪಕ್ಕದ ‘ವಿ ಸೆಲ್’ ದರ ನೋಡಿ ಜಗಳಕ್ಕೆ ನಿಂತರೆ ದೂರು ಅಲ್ಲಿಗೇ ಮುಗಿಯಿತು.

ಕೌಂಟರ್ ಬಿಡುವ ಮೊದಲೇ ಎರಡು ಫೋಟೊ ತೆಗೆದೆ. ದರದ ಬೋರ್ಡಿನದು ಒಂದು, ಗೋಡೆಗೆ ಹಾಕಿದ್ದ ರಿಸರ್ವ್ ಬ್ಯಾಂಕ್ ಪರವಾನಗಿಯದು ಇನ್ನೊಂದು. ಎರಡನೆಯದು ಯಾಕೆಂದರೆ ಊರಿನ ಕೌಂಟರ್ ಎಷ್ಟೋ ಸಲ ಫ್ರಾಂಚೈಸಿ ಆಗಿರುತ್ತದೆ, ಪರವಾನಗಿ ಬೇರೆ ಕಂಪನಿಯ ಹೆಸರಿನಲ್ಲಿರುತ್ತದೆ. ಪತ್ರ ಹೋಗಬೇಕಾದದ್ದು ಆ ಕಂಪನಿಗೆ. ವಿದೇಶಿ ನೋಟು ಕೊಂಡಾಗ ಅವರು ಕೊಡುವ ಎನ್‌ಕ್ಯಾಶ್‌ಮೆಂಟ್ ಸರ್ಟಿಫಿಕೇಟನ್ನೂ ಕೇಳಿ ಪಡೆದೆ. ದರ, ಮೊತ್ತ, ತಾರೀಕು ಅದರಲ್ಲಿರುತ್ತವೆ. ಬರೀ ಕೈಬರಹದ ಚೀಟಿ ಹಿಡಿದು ಬಂದರೆ ವಾದಕ್ಕೆ ಬಲ ಇಲ್ಲ.

ಲೆಕ್ಕದಲ್ಲೇ ಬಹಳ ಜನ ಎಡವುವುದು. 22.60ರಂತೆ 33,900 ಬರಬೇಕು, ಕೈಗೆ ಬಂದದ್ದು 33,015.46. ವ್ಯತ್ಯಾಸ 884.54 ಎಂದು ಬರೆಯಬಾರದು, ಅದರಲ್ಲಿ ಜಿಎಸ್‌ಟಿಯೂ ಸೇರಿದೆ. ಒಂದು ಲಕ್ಷದವರೆಗಿನ ವಿನಿಮಯದಲ್ಲಿ ಮೊತ್ತದ ಶೇ 1ನ್ನು (ಕನಿಷ್ಠ 250 ರೂಪಾಯಿ) ಸೇವೆಯ ಮೌಲ್ಯವೆಂದು ಹಿಡಿದು ಅದರ ಮೇಲೆ ಶೇ 18 ತೆರಿಗೆ ಹಾಕುವ ಕ್ರಮ ಇದೆ, ನನ್ನ ಚೀಟಿಯಲ್ಲಿದ್ದದ್ದೂ ಅದೇ. ಬೋರ್ಡಿನ ದರ ಕೊಟ್ಟಿದ್ದರೂ 61.02 ಕಡಿತವಾಗಿ 33,838.98 ಸಿಗುತ್ತಿತ್ತು. ಹಾಗಾಗಿ ಕೇಳಬೇಕಾದದ್ದು 823.52. ತೆರಿಗೆಯನ್ನೂ ಸೇರಿಸಿ ಕೇಳಿದರೆ ಅವರು ಆ ಒಂದು ತಪ್ಪನ್ನೇ ಹಿಡಿದು ಉಳಿದದ್ದಕ್ಕೆ ಉತ್ತರ ಕೊಡುವುದಿಲ್ಲ.

ಪತ್ರ ಒಂದೇ ಪುಟ. ‘ಮೋಸ’, ‘ವಂಚನೆ’ ಎಂಬ ಮಾತು ಹಾಕಲಿಲ್ಲ. ನಡುವಿನ ಭಾಗ ಹೀಗಿತ್ತು:

“ಸದರಿ ದಿನ ಬೆಳಿಗ್ಗೆ 11.20ಕ್ಕೆ ನಿಮ್ಮ ಕೌಂಟರಿನ ಬೋರ್ಡಿನಲ್ಲಿ ದಿರ್ಹಮ್ ಖರೀದಿ ದರ 22.60 ಇತ್ತು (ಫೋಟೊ ಲಗತ್ತಿಸಿದೆ). ಸರ್ಟಿಫಿಕೇಟಿನಲ್ಲಿ 22.05 ನಮೂದಾಗಿದೆ. ತೆರಿಗೆ ಕಳೆದು 823.52 ರೂಪಾಯಿ ಕಡಿಮೆ ಪಾವತಿಯಾಗಿದೆ. 15 ದಿನಗಳೊಳಗೆ ನನ್ನ ಖಾತೆಗೆ ಜಮಾ ಮಾಡಿ, ಇಲ್ಲವೇ ದರ ಬದಲಾದ ಕಾರಣವನ್ನು ಲಿಖಿತವಾಗಿ ತಿಳಿಸಿ.”

‘ಲಿಖಿತವಾಗಿ’ ಎಂಬುದು ಮುಖ್ಯ. ಕೌಂಟರಿನಲ್ಲಿ ಬಾಯಿಮಾತಿಗೆ ನೂರು ಕಾರಣ ಹೇಳುತ್ತಾರೆ: ಬೋರ್ಡ್ ನಿನ್ನೆಯದು, ಆ ದರ ದೊಡ್ಡ ಮೊತ್ತಕ್ಕೆ, ನೋಟು ಹಳತು. ಅಂಥ ಷರತ್ತು ಬೋರ್ಡಿನಲ್ಲೇ ಬರೆದಿದ್ದರೆ ಮಾತ್ರ ಅದಕ್ಕೆ ಬೆಲೆ. ಅದಕ್ಕೇ ಕೆಳಗಿನ ಸಣ್ಣ ಅಕ್ಷರವೂ ಬರುವಂತೆ ಫೋಟೊ ತೆಗೆಯಬೇಕು.

ಕಂಪನಿಯ ಮುಖ್ಯ ಕಚೇರಿ ಹೊರರಾಜ್ಯದಲ್ಲಿ ಇದ್ದುದರಿಂದ ಇಂಗ್ಲಿಷ್ ಪ್ರತಿಯನ್ನೂ ಇಟ್ಟು ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದೆ, ಒಂದು ಪ್ರತಿಯನ್ನು ಕೌಂಟರಿಗೆ ಕೊಟ್ಟು ಸೀಲು ಹಾಕಿಸಿಕೊಂಡೆ. ಮೂಲ ಸರ್ಟಿಫಿಕೇಟ್ ಯಾರಿಗೂ ಕೊಡಬಾರದು, ಜೆರಾಕ್ಸ್ ಸಾಕು.

ಉತ್ತರ ಬರದಿದ್ದರೆ 30 ದಿನ ಕಾದು ಇದೇ ಕಾಗದಗಳನ್ನು ರಿಸರ್ವ್ ಬ್ಯಾಂಕಿನ cms.rbi.org.in ತಾಣಕ್ಕೆ ಹಾಕಬಹುದು. ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋಗುವುದಾದರೆ ಎರಡು ವರ್ಷ ಅವಧಿ ಇದೆ, ಇಷ್ಟು ಚಿಕ್ಕ ಮೊತ್ತಕ್ಕೆ ಶುಲ್ಕವೂ ಇಲ್ಲ. ಆದರೆ ಎಂಟುನೂರು ರೂಪಾಯಿಗೆ ಶಿರಸಿಯಿಂದ ನಾಲ್ಕು ಸಲ ಘಟ್ಟ ಇಳಿದರೆ ಬಸ್ ಚಾರ್ಜಿಗೇ ಅದು ಸರಿಹೋಗುತ್ತದೆ.