ಕುಶನ ವೇಷದ ಫೋಟೋ, ತಪ್ಪು ಹೆಸರು, ಒಂದು ಕ್ಷಮಾಪಣೆ ಚೀಟಿ

ಉಡುಪಿಯ ನಮ್ಮ ಆಫೀಸಿನಲ್ಲಿ ನೋಟಿಸ್ ಬೋರ್ಡ್ ನೋಡಿಕೊಳ್ಳುವುದು ನಾನೇ. ವಾರ್ಷಿಕೋತ್ಸವಕ್ಕೆ ನಮ್ಮವರೇ ಸೇರಿ ಯಕ್ಷಗಾನ ಆಡಿದರು. ಲವ, ಕುಶ ಇಬ್ಬರಿಗೂ ಒಂದೇ ಥರದ ಕೇದಗೆ ಮುಂದಲೆ, ಒಂದೇ ಬಣ್ಣ. ಕುಶ ಒಬ್ಬನೇ ಇರುವ ಫೋಟೋ ತುಂಬಾ ಚೆನ್ನಾಗಿ ಬಂದಿತ್ತು. ಅದರ ಕೆಳಗೆ ಪೈಯವರ ಹೆಸರು ಬರೆದು ಪಿನ್ ಹಾಕಿದೆ. ಕುಶ ಆಗಿದ್ದವರು ಶೆಟ್ರು.

ಶೆಟ್ರು ಸುಮಾರು ಎರಡೂವರೆ ತಿಂಗಳು ಸಂಜೆ ಸಂಜೆ ಹೆಜ್ಜೆ ಕಲಿತವರು. ಹತ್ತು ದಿವಸ ಆ ಹೆಸರು ಹಾಗೆಯೇ ಇತ್ತು. ಅವರು ಬಾಯಿ ಬಿಡಲಿಲ್ಲ, ಆದರೆ ನನ್ನ ಟೇಬಲ್ ಕಡೆ ಬರುವುದನ್ನು ನಿಲ್ಲಿಸಿದರು. ಒಂದು ಶನಿವಾರ ಅವರ ಮಗಳು ಆಫೀಸಿಗೆ ಬಂದಿದ್ದಳಂತೆ. ಬೋರ್ಡ್ ಓದಿ, "ಅಪ್ಪಾ, ಇಲ್ಲಿ ನಿಮ್ಮ ಹೆಸರೇ ಇಲ್ಲವಲ್ಲ?" ಅಂದಳಂತೆ. ಇದನ್ನು ಅಟೆಂಡರ್ ಹೇಳಿದ ಮೇಲೆ ಫೋಟೋ ಹತ್ತಿರ ಹೋಗಿ ನೋಡಿದೆ. ಬಿಲ್ಲು ಹಿಡಿದ ಕೈಯ ಕಿರುಬೆರಳು ಸ್ವಲ್ಪ ಸೊಟ್ಟ. ಅದು ಶೆಟ್ರ ಬೆರಳೇ. ಬಣ್ಣ ಹಾಕಿದರೆ ಮುಖ ಗೊತ್ತಾಗುವುದಿಲ್ಲ, ಬೆರಳು ಗೊತ್ತಾಗುತ್ತದೆ.

ಮೊದಲು ಕ್ಯಾಂಟೀನಿನಲ್ಲಿ, ನಾಲ್ಕು ಜನರ ಎದುರು, "ಸಾರಿ ಶೆಟ್ರೇ, ವೇಷದಲ್ಲಿ ಗೊತ್ತಾಗಲಿಲ್ಲ" ಅಂದೆ. ಅವರು "ಪರವಾಗಿಲ್ಲ ಮಾರಾಯ್ರೆ" ಅಂದು ಚಹಾ ಅರ್ಧಕ್ಕೆ ಬಿಟ್ಟು ಎದ್ದರು. ಆಮೇಲೆ ವಾಟ್ಸಾಪಿನಲ್ಲಿ ಉದ್ದ ಮೆಸೇಜ್ ಹಾಕಿದೆ. ಕೆಲಸ ಜಾಸ್ತಿ ಇತ್ತು, ಫೋಟೋಗಳು ಹಿಂದೆ ಮುಂದೆ ಆಗಿದ್ದವು ಅಂತೆಲ್ಲ. ನೀಲಿ ಗುರುತು ಬಂತು, ಉತ್ತರ ಬರಲಿಲ್ಲ. ಸುಮಾರು ನಾನೂರು ರೂಪಾಯಿ ಕೊಟ್ಟು ಸ್ವೀಟ್ ಬಾಕ್ಸ್ ತಂದೆ. ಅದನ್ನು ಇಡೀ ಸೆಕ್ಷನ್ ತಿಂದಿತು, ಶೆಟ್ರು ಒಂದು ತುಂಡೂ ಮುಟ್ಟಲಿಲ್ಲ.

ಕೈಯಲ್ಲಿ ಚೀಟಿ ಬರೆದು ಕೊಡುತ್ತೇನೆ ಅಂದಾಗ ಎಲ್ಲರೂ ಬೇಡ ಅಂದರು. "ಸುಮ್ನೆ ಬಿಡಿ, ಕೆದಕಿದರೆ ದೊಡ್ಡದಾಗ್ತದೆ" ಅಂತ ನಮ್ಮ ಹಿರಿಯರೊಬ್ಬರು ಹೇಳಿದರು. ನಾನು ಬಿಡಲಿಲ್ಲ.

ಮೊದಲು ಬೋರ್ಡ್ ಸರಿ ಮಾಡಿದೆ. ಇಲ್ಲಿಯೂ ಒಂದು ಸಲ ಎಡವಿದೆ. "ಇದು ಪೈ ಅಲ್ಲ, ಶೆಟ್ರು" ಅಂತ ತಿದ್ದುಪಡಿ ಅಂಟಿಸಿದ್ದೆ. ಓದಿದವರೆಲ್ಲ ಪೈಯವರ ಹೆಸರನ್ನೇ ಹಿಡಿದು ತಮಾಷೆ ಶುರು ಮಾಡಿದರು. ಮಧ್ಯಾಹ್ನದೊಳಗೆ ಅದನ್ನು ತೆಗೆದು, ಶೆಟ್ರ ಹೆಸರು, 'ಕುಶ' ಇಷ್ಟೇ ಇರುವ ಹೊಸ ಚೀಟಿ ಹಾಕಿದೆ. ಬೋರ್ಡಿನಲ್ಲಿ ಸರಿಯಾದ ಹೆಸರು ಮಾತ್ರ ಸಾಕು. ತಪ್ಪಿನ ಪೂರ್ತಿ ವಿವರ ಇರಬೇಕಾದದ್ದು ಅವರ ಕೈಗೆ ಕೊಡುವ ಚೀಟಿಯಲ್ಲಿ. ಇದು ಗೊತ್ತಾಗಲು ನನಗೆ ಇಷ್ಟು ದಿವಸ ಹಿಡಿಯಿತು. ಪೈಯವರಿಗೂ ಬೇರೆಯಾಗಿ ಹೋಗಿ ಹೇಳಿದೆ. ಸುಮ್ನೆ ಸಿಕ್ಕಿದ ಹೊಗಳಿಕೆಯಿಂದ ಅವರಿಗೂ ಮುಜುಗರ ಆಗಿತ್ತು.

ಚೀಟಿ ನಾಲ್ಕು ಸಲ ಬರೆದೆ. ಒಂದು ಸಲ ಟೈಪ್ ಮಾಡಿ ನೋಡಿದೆ, ಮೆಮೋ ಥರ ಕಂಡಿತು, ಹರಿದೆ. "ನಿಮಗೆ ಬೇಸರ ಆಗಿದ್ದರೆ" ಅನ್ನುವ ಸಾಲು ಮೂರು ಸಲ ನುಸುಳಿತ್ತು, ಮೂರು ಸಲವೂ ಹೊಡೆದು ಹಾಕಿದೆ. ಬೇಸರ ಆಗಿದೆ ಅಂತ ಗೊತ್ತಿದ್ದೂ 'ಆಗಿದ್ದರೆ' ಯಾಕೆ, ಅಲ್ವಾ? ಕೊನೆಗೆ ಉಳಿದದ್ದು ಇಷ್ಟು:

"ಶೆಟ್ರೇ, ಬೋರ್ಡಿನ ಮೂರನೇ ಫೋಟೋದಲ್ಲಿ ಕುಶನ ವೇಷದಲ್ಲಿ ಇರುವುದು ನೀವು. ನಾನು ಯಾರನ್ನೂ ಕೇಳದೆ ಅಲ್ಲಿ ಪೈಯವರ ಹೆಸರು ಬರೆದೆ. ಹತ್ತು ದಿವಸ ಅದು ಹಾಗೆಯೇ ಇತ್ತು, ನಿಮ್ಮ ಮಗಳೂ ಓದಿದಳು. ತಪ್ಪು ನನ್ನದು. ಕ್ಷಮಿಸಿ. ಇವತ್ತು ನಿಮ್ಮ ಹೆಸರು ಹಾಕಿದ್ದೇನೆ. ಇನ್ನು ಮುಂದೆ ಫೋಟೋದಲ್ಲಿ ಇರುವವರಿಗೆ ತೋರಿಸದೆ ಹೆಸರು ಹಾಕುವುದಿಲ್ಲ."

ಇದರ ಕೆಳಗೆ ಇನ್ನೊಂದು ಸಾಲು ಇತ್ತು, ಅವರು ಕಲಿತ ಹೆಜ್ಜೆಯ ಬಗ್ಗೆ. ಅದು ನನಗೂ ಅವರಿಗೂ ಮಾತ್ರ. ಯಾವ ಹೊತ್ತಿಗೆ ಕೊಟ್ಟೆ ಅನ್ನುವುದನ್ನೂ ಹೇಳುವುದಿಲ್ಲ, ಅದರಲ್ಲೇ ಅರ್ಧ ಕೆಲಸ ಆಯಿತು ಅಂತ ನನ್ನ ನಂಬಿಕೆ. ಮಗಳ ವಿಷಯ ಬರೆಯಬೇಕೋ ಬೇಡವೋ ಅಂತ ಒಂದು ರಾತ್ರಿ ಯೋಚಿಸಿದ್ದೆ. ಬರೆದದ್ದೇ ಸರಿಯಾಯಿತು. ಅವರಿಗೆ ನೋವಾದದ್ದು ಅಲ್ಲಿಯೇ.

ಮರುದಿನ ಹನ್ನೊಂದರ ಹೊತ್ತಿಗೆ ಶೆಟ್ರು ನನ್ನ ಟೇಬಲ್‌ಗೆ ಬಂದರು. ಚೀಟಿಯ ಮಾತೇ ಎತ್ತಲಿಲ್ಲ. "ಆ ಫೋಟೋದ್ದು ಒಂದು ಪ್ರತಿ ಸಿಗ್ತದಾ? ಮಗಳು ಕೇಳ್ತಾಳೆ" ಅಂದರು. ಪ್ರಿಂಟ್, ಫ್ರೇಮ್ ಸೇರಿ ಮುನ್ನೂರೈವತ್ತರ ಹತ್ತಿರ ಆಯಿತು. ಕೆಳಗೆ ಹೆಸರು ಬರೆಯುವ ಮೊದಲು ಅಕ್ಷರ ಸರಿ ಇದೆಯಾ ಅಂತ ಅವರಿಗೇ ತೋರಿಸಿದೆ. ಪೆನ್ನು ತೆಗೆದುಕೊಂಡು ಅವರೇ ಬರೆದರು.