ವೈಫೈ ಸಿಕ್ಕಿದೆ, ಲಾಗಿನ್ ಪುಟ ಎಲ್ಲಿ?

ಕಳೆದ ತಿಂಗಳು ಮದುವೆಗೆಂದು ದುಬೈಯಿಂದ ಬಂದ ಭಾವ ಉಡುಪಿಯ ರಥಬೀದಿ ಹತ್ತಿರದ ಒಂದು ಲಾಡ್ಜಿನಲ್ಲಿ ಇಳಿದಿದ್ದರು. ರಾತ್ರಿ ಒಂಬತ್ತಕ್ಕೆ ನನಗೆ ಫೋನ್. "ವೈಫೈ ಕನೆಕ್ಟ್ ಆಗಿದೆ ಮಾರಾಯ, ನಂಬರ್ ಹಾಕುವ ಪೇಜೇ ಬರುವುದಿಲ್ಲ." ರಿಸೆಪ್ಷನ್‌ನಲ್ಲಿ ಕೇಳಿದ್ದಕ್ಕೆ ಹುಡುಗನದು ಒಂದೇ ಉತ್ತರವಂತೆ: "ಬೇರೆಯವರಿಗೆಲ್ಲ ಬರ್ತಾ ಉಂಟಲ್ಲ ಸರ್."

ಹುಡುಗ ಹೇಳಿದ್ದು ಸುಳ್ಳಲ್ಲ. ಲಾಡ್ಜಿನ ವೈಫೈ ಸರಿಯಾಗಿಯೇ ಇತ್ತು. ಭಾವನ ಫೋನು ಅದಕ್ಕೆ ಪುಟ ತೋರಿಸಲು ಅವಕಾಶ ಕೊಡುತ್ತಿರಲಿಲ್ಲ, ಅಷ್ಟೆ.

ನಡೆಯುವುದು ಹೀಗೆ. ಇಂಥ ವೈಫೈಗೆ ಸೇರಿದ ತಕ್ಷಣ ಫೋನು ನಮಗೆ ಹೇಳದೆ ಒಂದು ಸಣ್ಣ ಪುಟವನ್ನು ಕೇಳಿ ನೋಡುತ್ತದೆ. ಐಫೋನ್ ಆದರೆ ಆಪಲ್‌ನ ಪುಟ. ಅದರಲ್ಲಿ Success ಎಂಬ ಒಂದೇ ಪದ ಇರುತ್ತದೆ. ಆಂಡ್ರಾಯ್ಡ್ ಆದರೆ ಗೂಗಲ್‌ನ ಖಾಲಿ ಪುಟ. ನೀವಿನ್ನೂ ಲಾಗಿನ್ ಆಗಿಲ್ಲದಿದ್ದರೆ ಲಾಡ್ಜಿನ ರೂಟರ್ ಆ ಪ್ರಶ್ನೆಯನ್ನು ದಾರಿಯಲ್ಲೇ ಹಿಡಿದು, ಅದರ ಬದಲು ತನ್ನ ಲಾಗಿನ್ ಪುಟ ಕಳಿಸುತ್ತದೆ. ಕೇಳಿದ್ದು ಒಂದು, ಬಂದದ್ದು ಇನ್ನೊಂದು ಎಂದಾಗ ಫೋನಿಗೆ ವಿಷಯ ಗೊತ್ತಾಗುತ್ತದೆ. Sign in to Wi-Fi network ಎಂಬ ಸೂಚನೆ ಬರುವುದು ಹೀಗೆ.

ಆದರೆ ರೂಟರ್ ಹೀಗೆ ಹಿಡಿದು ತಿರುಗಿಸಲು ಆಗುವುದು http:// ಎಂದು ಶುರುವಾಗುವ ಹಳೇ ಕಾಲದ ವಿಳಾಸಗಳನ್ನು ಮಾತ್ರ. ಈಗ ನಾವು ತೆರೆಯುವ ಪುಟಗಳೆಲ್ಲ ಹೆಚ್ಚುಕಡಿಮೆ https. ಅವಕ್ಕೆ ಬೀಗ ಹಾಕಿರುತ್ತದೆ, ನಡುವೆ ಯಾರೂ ಕೈ ಹಾಕಲಾಗದು. ಹಾಗಾಗಿ ಸೂಚನೆ ಒಮ್ಮೆ ತಪ್ಪಿತೆಂದರೆ ಜೀಮೇಲ್, ಯೂಟ್ಯೂಬ್ ಎಷ್ಟು ಸಲ ತೆರೆದರೂ ಲಾಗಿನ್ ಪುಟ ಬರುವುದಿಲ್ಲ. ಸುಮ್ನೆ ತಿರುಗುತ್ತಾ ಇರುತ್ತದೆ, ಇಲ್ಲವೇ ಸರ್ಟಿಫಿಕೇಟ್ ಸರಿಯಿಲ್ಲ ಎಂಬ ಎಚ್ಚರಿಕೆ ಬರುತ್ತದೆ. ಆ ಎಚ್ಚರಿಕೆಯನ್ನು ದಾಟಿ ಮುಂದೆ ಹೋಗಬೇಡಿ. ಹಿಂದೆ ಬಂದು ಬೇರೆ ದಾರಿ ಹಿಡಿಯಿರಿ.

ಮೊದಲು ಫೋನಿನ ವೈಫೈ ಸೆಟ್ಟಿಂಗ್ಸ್‌ಗೆ ಹೋಗಿ ಆ ವೈಫೈ ಹೆಸರನ್ನೇ ಇನ್ನೊಮ್ಮೆ ಒತ್ತಿ. ಎಷ್ಟೋ ಸಲ ಪುಟ ಅಲ್ಲೇ ತೆರೆಯುತ್ತದೆ. ಭಾವ ಬಹುಶಃ ಸೂಚನೆ ಬಂದಾಗ ಯಾವುದೋ ಜಾಹೀರಾತು ಎಂದುಕೊಂಡು ಬೆರಳಿನಲ್ಲಿ ಸರಿಸಿ ಹಾಕಿದ್ದರು. ಹೆಸರು ಒತ್ತಿದರೂ ಏನೂ ಆಗಲಿಲ್ಲ.

ಆಗ ನಾವೇ ಒಂದು http ವಿಳಾಸ ಟೈಪ್ ಮಾಡಬೇಕು. ಈ ಎರಡರಲ್ಲಿ ಯಾವುದಾದರೂ ಸರಿ:

```
http://neverssl.com
http://captive.apple.com
```

ಮೊದಲನೆಯದನ್ನು ಇದೇ ಕೆಲಸಕ್ಕೆಂದು ಮಾಡಿಟ್ಟಿದ್ದಾರೆ. ಎರಡನೆಯದು ಆಪಲ್‌ನದಾದರೂ ಯಾವ ಫೋನಿನಲ್ಲೂ ನಡೆಯುತ್ತದೆ. http:// ಭಾಗವನ್ನೂ ಸೇರಿಸಿ ಬರೆಯಿರಿ. ಬರೀ ಹೆಸರು ಬರೆದರೆ ಬ್ರೌಸರು ತಾನಾಗಿಯೇ https ಮಾಡಿಬಿಡಬಹುದು.

ಭಾವ ಟೈಪ್ ಮಾಡಿದರು. "ಬಂತು! ಆದ್ರೆ ಇದು ಲಾಡ್ಜಿನದ್ದಲ್ಲ, ಏನೋ ಇಂಗ್ಲಿಷ್‌ನಲ್ಲಿ ಬರೆದಿದೆ." ಅಂದರೆ ಅದು neverssl ನ ಅಸಲಿ ಪುಟ. ಲಾಗಿನ್ ಆಗದೆ ಅದು ಹೇಗೆ ಬಂತು? ಮೊಬೈಲ್ ಡೇಟಾ ಆನ್ ಇತ್ತು! ವೈಫೈಯಲ್ಲಿ ಇಂಟರ್ನೆಟ್ ಇಲ್ಲ ಎಂದು ಗೊತ್ತಾದರೆ ಆಂಡ್ರಾಯ್ಡ್ ಸದ್ದಿಲ್ಲದೆ ಮೊಬೈಲ್ ಡೇಟಾ ಹಿಡಿಯುತ್ತದೆ. ಮೇಲೆ ವೈಫೈ ಗುರುತು ಕಾಣುತ್ತಿದ್ದರೂ ಬ್ರೌಸರಿನ ಪ್ರಶ್ನೆ ಲಾಡ್ಜಿನ ರೂಟರಿಗೆ ಹೋಗುವುದೇ ಇಲ್ಲ. ಇದನ್ನು ಮರೆಯುವವರೇ ಜಾಸ್ತಿ. ಮೊಬೈಲ್ ಡೇಟಾ ಆಫ್ ಮಾಡಿ, ವಿಪಿಎನ್ ಇದ್ದರೆ ಅದನ್ನೂ ಆಫ್ ಮಾಡಿ. ಏರೋಪ್ಲೇನ್ ಮೋಡ್ ಹಾಕಬೇಡಿ, ಒಟಿಪಿ ಮೆಸೇಜು ಬರುವುದಿಲ್ಲ.

ಡೇಟಾ ಆಫ್ ಮಾಡಿದ ಮೇಲೆ ಭಾವನಿಗೆ ಬಂದದ್ದು This site can't be reached. ಇದೂ ಒಂದು ಸುಳಿವೇ. ಪ್ರಶ್ನೆ ಈಗ ವೈಫೈ ಕಡೆ ಹೋಗುತ್ತಿದೆ, ಆದರೆ neverssl.com ಎಂಬ ಹೆಸರಿನ ಹಿಂದಿನ ಅಂಕಿ ವಿಳಾಸ ಫೋನಿಗೆ ಸಿಗುತ್ತಿಲ್ಲ. ಹೆಸರು ಕೊಟ್ಟರೆ ಅಂಕಿ ಹುಡುಕಿಕೊಡುವ ಕೆಲಸ ಡಿಎನ್ಎಸ್‌ನದು. "ಇದರಲ್ಲಿ Private DNS ಅಂತ ಏನಾದ್ರೂ ಹಾಕಿದ್ದೀರಾ?" ಎಂದು ಕೇಳಿದೆ. ಮಗ ಜಾಹೀರಾತು ಬಾರದ ಹಾಗೆ ಏನೋ ಮಾಡಿಕೊಟ್ಟಿದ್ದನಂತೆ. ಅದೇ ಅದು. ಆ ಸೆಟ್ಟಿಂಗಿನಲ್ಲಿ ಒಂದು ಹೆಸರು ಹಾಕಿಟ್ಟರೆ ಫೋನು ಎಲ್ಲ ಹೆಸರುಗಳನ್ನೂ ಹೊರಗಿನ ಆ ಒಂದೇ ಸರ್ವರಿನ ಹತ್ತಿರ ಕೇಳುತ್ತದೆ. ಲಾಗಿನ್ ಆಗದೆ ಹೊರಗೆ ಹೋಗಲಾಗದು, ಹೊರಗೆ ಹೋಗದೆ ಲಾಗಿನ್ ಪುಟ ಬಾರದು.

ಸೆಟ್ಟಿಂಗ್ಸ್‌ನ ಹುಡುಕುವ ಜಾಗದಲ್ಲಿ Private DNS ಎಂದು ಟೈಪ್ ಮಾಡಿ, ಅದನ್ನು Automatic ಮಾಡಿ. ಹಾಕಿದ್ದ ಹೆಸರನ್ನು ಮೊದಲೇ ಒಂದು ಕಡೆ ಬರೆದಿಟ್ಟುಕೊಳ್ಳಿ, ಆಮೇಲೆ ವಾಪಸ್ ಹಾಕಬೇಕಲ್ವಾ. ನಂತರ ವೈಫೈ ಒಮ್ಮೆ ಆಫ್ ಮಾಡಿ ಆನ್ ಮಾಡಿ. ಭಾವನ ಫೋನಿನಲ್ಲಿ ಹತ್ತು ಸೆಕೆಂಡಿನೊಳಗೆ ಲಾಡ್ಜಿನ ಫೋಟೋ ಸಮೇತ ಪುಟ ಬಂತು. ಲ್ಯಾಪ್‌ಟಾಪಿನಲ್ಲಿ ಯಾರಾದರೂ ಡಿಎನ್ಎಸ್ ಜಾಗದಲ್ಲಿ 8.8.8.8 ಎಂದು ಕೈಯಾರೆ ಹಾಕಿದ್ದರೆ ಅಲ್ಲೂ ಇದೇ ತೊಂದರೆ ಆಗಬಹುದು, ಮದ್ದೂ ಇದೇ.

ಇಷ್ಟಾದರೂ ಬರದಿದ್ದರೆ ಹೆಸರಿನ ಗೊಡವೆಯೇ ಬೇಡ, ರೂಟರಿನ ಅಂಕಿ ವಿಳಾಸಕ್ಕೆ ನೇರ ಹೋಗಿ. ಫೋನಿನಲ್ಲಿ ವೈಫೈ ಹೆಸರಿನ ಪಕ್ಕದ ಗುರುತು ಒತ್ತಿದರೆ Gateway ಅಥವಾ Router ಎಂದು ಕಾಣುತ್ತದೆ. ವಿಂಡೋಸ್‌ನಲ್ಲಿ ಕಮಾಂಡ್ ಪ್ರಾಂಪ್ಟ್ ತೆರೆದು ipconfig ಎಂದು ಕೊಟ್ಟರೆ Default Gateway ಎದುರು ಇರುತ್ತದೆ. ಅದು 10.5.50.1 ಆಗಿದ್ದರೆ ಬ್ರೌಸರಿನಲ್ಲಿ ಹೀಗೆ ಬರೆಯಿರಿ:

```
http://10.5.50.1
```

ಅಲ್ಲಿ ಮೊಬೈಲ್ ನಂಬರ್ ಅಥವಾ ರೂಮ್ ನಂಬರ್ ಕೇಳಿದರೆ ಸರಿಯಾದ ಜಾಗಕ್ಕೆ ಬಂದಿರಿ. ರೂಟರ್ ಕಂಪನಿಯ ಹೆಸರು ಹಾಕಿ ಅಡ್ಮಿನ್ ಪಾಸ್‌ವರ್ಡ್ ಕೇಳಿದರೆ ಅದು ಲಾಡ್ಜಿನವರ ಬಾಗಿಲು, ನಮ್ಮದಲ್ಲ. ಬಿಟ್ಟು ಬನ್ನಿ. ಇನ್ನು ಲ್ಯಾಪ್‌ಟಾಪಿನ ಸ್ವಂತ ವಿಳಾಸವೇ 169.254 ಎಂದು ಶುರುವಾಗುತ್ತಿದ್ದರೆ, ರೂಟರ್ ನಿಮಗೆ ವಿಳಾಸವನ್ನೇ ಕೊಟ್ಟಿಲ್ಲ ಎಂದರ್ಥ. ಆ ವೈಫೈಗೆ ಒಮ್ಮೆ Forget ಕೊಟ್ಟು ಮತ್ತೆ ಸೇರಿ ನೋಡಿ. ಆಗಲೂ ಅದೇ ಇದ್ದರೆ ಈ ಯಾವ ಉಪಾಯವೂ ನಡೆಯುವುದಿಲ್ಲ, ರಿಸೆಪ್ಷನ್‌ನವರೇ ನೋಡಬೇಕು.

ಪುಟ ಬಂದ ಮೇಲೂ ಐಫೋನಿನವರಿಗೆ ಒಂದು ತೊಡಕು ಇದೆ. ತಾನಾಗಿ ಏಳುವ ಆ ಸಣ್ಣ ಕಿಟಕಿ ಬಿಟ್ಟು ಒಟಿಪಿ ನೋಡಲು ಮೆಸೇಜಿಗೆ ಹೋದರೆ ಕಿಟಕಿ ಮುಚ್ಚಿ, ವೈಫೈಯೂ ಕಡಿದುಹೋಗಬಹುದು. ಮೇಲಿನಿಂದ ಇಳಿಯುವ ಸೂಚನೆಯಲ್ಲೇ ಅಂಕಿ ನೋಡಿಕೊಳ್ಳಿ.

ಬಜ್ಪೆ ವಿಮಾನ ನಿಲ್ದಾಣದಲ್ಲಿ ಗಲ್ಫ್ ಸಿಮ್ ಹಿಡಿದು ಇಳಿಯುವವರ ಕಷ್ಟ ಬೇರೆ. ಸಾರ್ವಜನಿಕ ವೈಫೈಗೆ ನಮ್ಮಲ್ಲಿ ಸಾಮಾನ್ಯವಾಗಿ ಮೊಬೈಲ್‌ಗೆ ಒಟಿಪಿ ಕಳಿಸುತ್ತಾರೆ. ರೋಮಿಂಗ್ ಇಲ್ಲದಿದ್ದರೆ ಅದು ಬರುವುದಿಲ್ಲ, ಕೆಲವು ಪುಟಗಳು +91 ಬಿಟ್ಟು ಬೇರೆ ನಂಬರ್ ತೆಗೆದುಕೊಳ್ಳುವುದೂ ಇಲ್ಲ. ಇದು ಪುಟ ಬಾರದ ಸಮಸ್ಯೆಯಲ್ಲ, ಸೆಟ್ಟಿಂಗ್ಸ್ ಕೆದಕಿ ಪ್ರಯೋಜನವಿಲ್ಲ. ವಿಚಾರಣೆ ಕೌಂಟರಿನಲ್ಲಿ ಪಾಸ್‌ಪೋರ್ಟ್ ತೋರಿಸಿ ವೈಫೈ ಕೂಪನ್ ಇದೆಯಾ ಎಂದು ಕೇಳಿ. ಇಲ್ಲ ಎಂದರೆ, ಕರೆದುಕೊಂಡು ಹೋಗಲು ಬಂದವರ ನಂಬರ್ ಹಾಕಿ, ಒಟಿಪಿಯನ್ನು ಅವರಿಂದಲೇ ಕೇಳಿ ತಿಳಿದುಕೊಳ್ಳಿ. ಆ ಲಾಗಿನ್ ಅವರ ಹೆಸರಿನಲ್ಲಿ ದಾಖಲಾಗುತ್ತದೆ, ಹಾಗಾಗಿ ಮನೆಯವರದ್ದೇ ನಂಬರ್ ಇರಲಿ.