ಟ್ರೇಯಲ್ಲಿ ಮೊಳೆತಿರೋದು ಟೊಮೆಟೊನಾ, ಕಳೆನಾ?

ಹೋದ ಮಳೆಗಾಲ ಶುರುವಾದಾಗ ನಮ್ಮ ಎದುರುಮನೆಯವರು ಟೆರೇಸಿಗೆ ಕರೆದು ತಮ್ಮ ಟೊಮೆಟೊ ಟ್ರೇ ತೋರಿಸಿದರು. "ನೋಡಿ, ಕಳೆ ಎಲ್ಲಾ ಕಿತ್ತುಬಿಟ್ಟೆ" ಅಂದರು. ಪಕ್ಕದಲ್ಲಿ ಕಿತ್ತು ಗುಡ್ಡೆ ಹಾಕಿದ್ದೆಲ್ಲ ಟೊಮೆಟೊ. ಟ್ರೇಯಲ್ಲಿ ಉಳಿದಿದ್ದು ಹಳೇ ಕುಂಡದ ಮಣ್ಣಿನ ಜೊತೆ ಬಂದ ಚೆಂಡುಹೂವಿನ ಸಸಿ. ಪಾಪ, ಅವರ ಲೆಕ್ಕ ಪೂರ್ತಿ ತಪ್ಪೂ ಅಲ್ಲ. ಬೀಜದ ಪ್ಯಾಕೆಟ್ ಮೇಲಿನ ಚಿತ್ರದಲ್ಲಿ ಟೊಮೆಟೊ ಎಲೆ ಸೀಳಿಕೊಂಡಿರುತ್ತದೆ, ಇಲ್ಲಿ ಸೀಳೆಲೆ ಇದ್ದದ್ದು ಚೆಂಡುಹೂವಿಗೆ ಮಾತ್ರ. ಉದ್ದಕ್ಕೆ, ನುಣ್ಣಗೆ ಎರಡೆಲೆ ಬಿಟ್ಟುಕೊಂಡು ನಿಂತಿದ್ದ ಟೊಮೆಟೊ ಅವರಿಗೆ ಹುಲ್ಲಿನ ಹಾಗೆ ಕಂಡಿತ್ತು.

ಆ ಎರಡೆಲೆ ಬೀಜದೆಲೆ. ನಾವು ಸಾರಿಗೆ ಹಾಕುವ ಬೇಳೆ ಅಂದರೂ ಅದೇ. ಬೀಜದ ಒಳಗೇ ತಯಾರಾಗಿ ಕೂತಿರುವ ಈ ಜೋಡಿ, ಹೆಚ್ಚಿನ ಗಿಡಗಳಲ್ಲಿ ಮೊಳೆತಾಗ ಮೇಲೆ ಬಂದು ಹಸಿರಾಗುತ್ತದೆ. ಅದರ ಆಕಾರಕ್ಕೂ ಮುಂದೆ ಬರುವ ಎಲೆಗೂ ಏನೂ ಸಂಬಂಧ ಇರಬೇಕಾಗಿಲ್ಲ. ಎರಡರ ಮಧ್ಯದ ಸುಳಿಯಿಂದ ಹೊರಡುವುದು ನಿಜವಾದ ಎಲೆ. ಗಿಡ ಯಾವುದು ಅಂತ ಹೇಳುವುದು ಅದು.

ಮೊದಲು, ಬಿತ್ತುವ ದಿನವೇ ಯಾವ ಸಾಲಿಗೆ ಏನು ಹಾಕಿದಿರಿ ಅಂತ ಪೆನ್ಸಿಲ್‌ನಲ್ಲಿ ಬರೆದಿಡಿ. ಮಾರ್ಕರ್ ಬೇಡ, ಬಿಸಿಲಿಗೆ ಮಾಸುತ್ತದೆ. ಟ್ರೇಯ ಒಂದು ಮೂಲೆಯಲ್ಲಿ ನಾಲ್ಕು ಕುಳಿಗೆ ಅದೇ ಮಣ್ಣು ತುಂಬಿ, ಬೀಜ ಹಾಕದೆ ಬಿಡಿ. ಅಲ್ಲಿ ಏನು ಮೊಳೆಯುತ್ತದೋ ಅದು ನಿಮ್ಮ ಮಣ್ಣಿನ ಕಳೆ. ಉಳಿದ ಕುಳಿಗಳಲ್ಲಿ ಅದೇ ಮುಖ ಕಂಡರೆ ಯೋಚನೆ ಮಾಡದೆ ಕೀಳಬಹುದು. "ರೆಡಿ ಮಿಕ್ಸ್" ಅಂತ ಮಾರುವ ಕೆಲವು ಚೀಲಗಳಲ್ಲಿ ಸರಿಯಾಗಿ ಕೊಳೆಯದ ಕೊಟ್ಟಿಗೆ ಗೊಬ್ಬರ ಇರುತ್ತದೆ, ಅದರಲ್ಲಿ ಹರಿವೆ, ಗೋಣಿಸೊಪ್ಪು ಎಲ್ಲಾ ಉಚಿತ. ಸಸಿ ಎಬ್ಬಿಸೋಕೆ ನಾನು ಬರೀ ತೊಳೆದ ಕೋಕೋಪೀಟ್ ಮತ್ತು ಎರೆಗೊಬ್ಬರ ಬಳಸುತ್ತೇನೆ.

ಆಮೇಲೆ, ಕಾಯಿರಿ. ಬೀಜದೆಲೆ ಮಾತ್ರ ಇರುವಾಗ ಏನನ್ನೂ ಕೀಳಬೇಡಿ. ಸುಮ್ನೆ ಜಾಗ ನೋಡಿಕೊಳ್ಳಿ: ನೀವು ಹಾಕಿದ್ದು ಕುಳಿಯ ನಡುವೆ, ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಏಳುತ್ತದೆ. ಕಳೆ ಎಲ್ಲೆಂದರಲ್ಲಿ, ಯಾವಾಗೆಂದರೆ ಆವಾಗ.

ಈಗ ಕಷ್ಟದ ಭಾಗ. ಟೊಮೆಟೊ, ಮೆಣಸಿನಕಾಯಿ, ಬದನೆ ಮೂರೂ ಒಂದೇ ಕುಟುಂಬದವು. ಮೂರರ ಬೀಜದೆಲೆಯೂ ಉದ್ದಕ್ಕೆ, ಈಟಿಯ ತುದಿಯ ಹಾಗೆ ಇರುತ್ತದೆ. ಒಮ್ಮೆ ನನ್ನ 98 ಕುಳಿಯ ಪ್ರೋಟ್ರೇಯಲ್ಲಿ ಈ ಮೂರನ್ನೂ ಹಾಕಿ, ಮಾರ್ಕರ್‌ನಲ್ಲೇ ಹೆಸರು ಬರೆದು (ಆಗ ಬುದ್ಧಿ ಇರಲಿಲ್ಲ), ಮಳೆಗೆ ಅಕ್ಷರ ಎಲ್ಲಾ ತೊಳೆದುಹೋಯಿತು. ಟ್ರೇಯನ್ನು ಬೇರೆ ಕಡೆ ಎತ್ತಿಟ್ಟ ಗಡಿಬಿಡಿಯಲ್ಲಿ ಯಾವ ತುದಿಯಿಂದ ಶುರು ಮಾಡಿದ್ದೆ ಅನ್ನುವುದೂ ಮರೆತಿತ್ತು. ಆಗ ಬೇರೆ ಮಾಡಿದ್ದು ಹೀಗೆ.

ಆರನೇ ದಿನ ಒಂದು ಬದಿಯ ನಾಲ್ಕು ಸಾಲು ಎದ್ದವು. ಟೊಮೆಟೊ ಸಾಮಾನ್ಯವಾಗಿ ಬೇಗ ಬರುತ್ತದೆ, ಬದನೆ ಸ್ವಲ್ಪ ತಡ, ಮೆಣಸಿನಕಾಯಿ ಎಲ್ಲಕ್ಕಿಂತ ಸೋಮಾರಿ, ಒಮ್ಮೊಮ್ಮೆ ಎರಡು ವಾರ ಹಿಡಿಯುತ್ತದೆ. ಆದರೆ ಇದನ್ನೇ ನಂಬಬೇಡಿ. ಹಳೇ ಬೀಜ, ಚಳಿ, ಆಳಕ್ಕೆ ಬಿತ್ತಿದ್ದು, ಯಾವುದಾದರೂ ಲೆಕ್ಕ ತಪ್ಪಿಸುತ್ತದೆ. ಹಾಗಾಗಿ ಮಂಡಿಯೂರಿ ಕೂತು ಕಾಂಡ ನೋಡಿದೆ. ಬೆಳಕು ಹಿಂದಿನಿಂದ ಬೀಳುವ ಹಾಗೆ ಟ್ರೇ ಎತ್ತಿ ಹಿಡಿಯಬೇಕು. ಟೊಮೆಟೊ ಕಾಂಡದ ಮೇಲೆ ಸಣ್ಣ ಬಿಳಿ ರೋಮ ನಿಂತಿರುವುದು ಕಾಣುತ್ತದೆ, ಬುಡದಲ್ಲಿ ಹೆಚ್ಚಾಗಿ ನೇರಳೆ ಛಾಯೆ ಇರುತ್ತದೆ. ಮೆಣಸಿನಕಾಯಿ ಸಸಿಗೆ ಕಾಂಡವೂ ನುಣ್ಣಗೆ, ಎಲೆಯೂ ನುಣ್ಣಗೆ, ಎಣ್ಣೆ ಸವರಿದ ಹಾಗೆ ಮಿಂಚು. ಅದರ ಬೀಜದೆಲೆ ಟೊಮೆಟೊದ್ದಕ್ಕಿಂತ ಸ್ವಲ್ಪ ಅಗಲ, ತುದಿ ಚೂಪು. ಬದನೆಯಲ್ಲೂ ರೋಮ, ನೇರಳೆ ಎರಡೂ ಇರಬಹುದು, ಹಾಗಾಗಿ ಟೊಮೆಟೊನಾ ಬದನೆನಾ ಅನ್ನುವುದನ್ನು ಕಾಂಡ ನೋಡಿ ತೀರ್ಮಾನ ಮಾಡಬೇಡಿ.

ಮೊಳೆತು ಹತ್ತು ಹನ್ನೆರಡು ದಿನಕ್ಕೆ ನಡುವಿನ ಎಲೆ ಬಿಚ್ಚಿಕೊಂಡಿತು. ಅಂಚು ಸೀಳಿದ್ದು ಟೊಮೆಟೊ. ಮೊದಲನೇ ಎಲೆಯಲ್ಲಿ ಸೀಳು ಎರಡು ಮೂರೇ ಇರುತ್ತದೆ, ಸಾಕಷ್ಟು ಪೆದ್ದಾಗಿ ಕಾಣುತ್ತದೆ, ಎರಡನೇ ಎಲೆ ಬಂದಾಗ ಅನುಮಾನ ಉಳಿಯುವುದಿಲ್ಲ. ಸೀಳಿಲ್ಲದೆ, ಅಂಚು ನೇರವಾಗಿ, ಹೊಳಪಾಗಿದ್ದದ್ದು ಮೆಣಸಿನಕಾಯಿ. ಅಗಲವಾಗಿ, ಬೂದುಹಸಿರಾಗಿ, ಮುಟ್ಟಿದರೆ ಮಖಮಲ್ಲಿನ ಹಾಗಿದ್ದದ್ದು ಬದನೆ. ಕೊನೆಗೆ ಮೂಗು: ಟೊಮೆಟೊ ಎಲೆಯನ್ನು ಎರಡು ಬೆರಳಲ್ಲಿ ಮೆಲ್ಲಗೆ ಒರೆಸಿ ಮೂಸಿದರೆ ಟೊಮೆಟೊ ಗಿಡದ್ದೇ ಆ ಕಟುವಾಸನೆ ಬರುತ್ತದೆ. ಎದುರುಮನೆಯವರು ಇದೊಂದು ಮಾಡಿದ್ದರೂ ಸಾಕಿತ್ತು, ಚೆಂಡುಹೂವಿನ ವಾಸನೆ ಯಾರಿಗೆ ಗೊತ್ತಿಲ್ಲ? ಒಂದು ಎಚ್ಚರಿಕೆ. ದತ್ತೂರದ ಬೀಜದೆಲೆಯೂ ಉದ್ದಕ್ಕೇ ಇರುತ್ತದೆ, ಆದರೆ ಟೊಮೆಟೊದ್ದಕ್ಕಿಂತ ದೊಡ್ಡದು. ಅದು ವಿಷದ ಗಿಡ. ಅಪರಿಚಿತ ಸಸಿಯನ್ನು ಮೂಸಿದ ಮೇಲೆ ಕೈ ತೊಳೆಯಿರಿ, ರುಚಿಯಂತೂ ನೋಡಲೇಬೇಡಿ.

ಅವರೆ, ಹುರುಳಿಕಾಯಿ ಹಾಕಿದವರಿಗೆ ಬೇರೆ ಥರ ಮೋಸ ಆಗುತ್ತದೆ. ಹುರುಳಿಕಾಯಿಯಲ್ಲಿ ಬೇಳೆ ದಪ್ಪಗೆ ಮೇಲೆ ಬಂದು ನೇತಾಡುತ್ತದೆ, ಆಮೇಲೆ ಹೃದಯದಾಕಾರದ ಎರಡು ಎಲೆ ಎದುರುಬದುರು ಬಿಚ್ಚಿಕೊಳ್ಳುತ್ತವೆ. ಜೋಡಿಯಾಗಿವೆ ಅಂತ ಎಲ್ಲರೂ ಅದನ್ನೇ ಬೀಜದೆಲೆ ಅಂದುಕೊಳ್ಳುತ್ತಾರೆ. ಅಲ್ಲ, ಅದು ಮೊದಲ ನಿಜವಾದ ಎಲೆ. ಮೂರು ಎಸಳಿನ ಎಲೆ ಅದರ ನಂತರ ಬರುತ್ತದೆ. ತೊಗರಿ, ಬಟಾಣಿಯಲ್ಲಿ ಬೇಳೆ ಮಣ್ಣೊಳಗೇ ಉಳಿಯುತ್ತದೆ, ಹುಡುಕಬೇಡಿ. ಮೆಂತ್ಯದಲ್ಲಿ ಮೊದಲ ನಿಜವಾದ ಎಲೆ ಒಂಟಿ, ಆಮೇಲೆ ಮೂರೆಸಳು. ಕೊತ್ತಂಬರಿ ಬೀಜದೆಲೆ ಎಷ್ಟು ಉದ್ದ ಅಂದರೆ ಹುಲ್ಲು ಅಂತ ಕಿತ್ತವರನ್ನು ನಾನೇ ನೋಡಿದ್ದೇನೆ. ಒಂದು ಕಾಳಿನಿಂದ ಎರಡು ಸಸಿ ಬಂದರೂ ಗಾಬರಿ ಬೇಡ, ಆ ಕಾಳಿನೊಳಗೆ ಇರುವುದೇ ಎರಡು ಬೀಜ.

ಎಲೆ ನೋಡಿದರೂ ಗೊತ್ತಾಗದವೂ ಇವೆ. ಎಲೆಕೋಸು, ಹೂಕೋಸು, ನವಿಲುಕೋಸು ಮೂರಕ್ಕೂ ನಡುವೆ ಕಚ್ಚು ಬಿದ್ದ ಅದೇ ಬೀಜದೆಲೆ, ಮುಂದಿನ ಎಲೆಗಳೂ ತುಂಬಾ ದಿನ ಒಂದೇ ಥರ. ಖಾರದ ಮೆಣಸಿನಕಾಯಿ, ದಪ್ಪ ಮೆಣಸಿನಕಾಯಿ ಸಸಿಗಳೂ ಹಾಗೇ. ಇಲ್ಲಿ ಪೆನ್ಸಿಲ್ ಬಿಟ್ಟರೆ ಬೇರೆ ದಾರಿ ಇಲ್ಲ.

ಕಿತ್ತು ನೆಡುವಾಗ "ನಾಲ್ಕೆಲೆ ಬಂದ ಮೇಲೆ ನೆಡಿ" ಅನ್ನುವ ಮಾತಿನಲ್ಲಿ ಬೀಜದೆಲೆ ಲೆಕ್ಕಕ್ಕಿಲ್ಲ. ಅದನ್ನೂ ಸೇರಿಸಿ ಎಣಿಸಿ, ಎಳೇ ಸಸಿ ನೆಟ್ಟು ಕಳೆದುಕೊಳ್ಳುವವರು ಜಾಸ್ತಿ. ನಿಜವಾದ ಎಲೆ ಬಂದ ಮೇಲೆ ಕೆಳಗಿನ ಆ ಜೋಡಿ ಹಳದಿಯಾಗಿ ಉದುರಿದರೆ ರೋಗ ಅಲ್ಲ, ಅದರ ಕೆಲಸ ಮುಗಿದಿದೆ. ನಿಜವಾದ ಎಲೆ ಬರುವ ಮೊದಲೇ ಹಳದಿಯಾದರೆ ಮಾತ್ರ ನೀರು ಜಾಸ್ತಿ ಆಯಿತಾ ನೋಡಿ. ಇಷ್ಟಾದರೂ ಗುರುತು ಸಿಗದ ಒಂದೆರಡು ಸಸಿ ಉಳಿದರೆ ಬೇರೆ ಕುಂಡಕ್ಕೆ ಹಾಕಿ, ಇನ್ನೆರಡು ವಾರ ಬಿಡಿ. ನನ್ನ ಕುಂಡದಲ್ಲಿ ಹಾಗೆ ಉಳಿದಿದ್ದ ಒಂದು ಗಣಿಕೆ ಸೊಪ್ಪಾಯಿತು.